ಫೋಟೋ ನೋಡಿ ಕವಿತೆ ಬರೆದೆ, ಮೇಡಂ ವಾಪಸ್ ಕೊಟ್ಟರು. ಎಲ್ಲಿ ತಪ್ಪಿದೆ?

ಚೈತ್ರಾ_ಎಸ್

ಎಲ್ಲರಿಗೂ ನಮಸ್ಕಾರ. ನಾನು ಸಂಜೆ ಹೊತ್ತು ಒಂದು ಸೃಜನಶೀಲ ಬರವಣಿಗೆಯ ತರಗತಿಗೆ ಹೋಗುತ್ತಿದ್ದೇನೆ. ಈ ವಾರ ಒಂದು ಫೋಟೋ ಕೊಟ್ಟು, ಅದಕ್ಕೆ ಪ್ರತಿಕ್ರಿಯೆಯಾಗಿ ಚಿತ್ರಕವಿತೆ ಬರೆಯಿರಿ ಎಂದರು. ಮೇಡಂ ಅದಕ್ಕೆ ಎಕ್‌ಫ್ರಾಸಿಸ್ ಅನ್ನುತ್ತಾರೆ. ಇಪ್ಪತ್ತೈದು ಸಾಲು ಮೀರಬಾರದು.

ಫೋಟೋ ನೀವೆಲ್ಲ ನೋಡಿರುತ್ತೀರಿ. ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊ ಹತ್ತಿರ ತೆಗೆದ 'ವಲಸೆ ತಾಯಿ'. ನಡುವೆ ಒಬ್ಬ ಹೆಂಗಸು, ಕೆನ್ನೆಯ ಹತ್ತಿರ ಕೈ, ಎರಡೂ ಕಡೆ ಮುಖ ತಿರುಗಿಸಿದ ಮಕ್ಕಳು, ಮಡಿಲಲ್ಲಿ ಕೂಸು. ನಾನು ಬರೆದದ್ದು ಇದು:

*ಓ ತಾಯೇ, ನಿನ್ನ ಕಣ್ಣಲ್ಲಿ ನೋವಿನ ಕಡಲು,*
*ಕೆನ್ನೆಗೆ ಕೈ, ಎದೆಯೊಳಗೆ ಬೆಂಕಿಯ ಒಡಲು.*
*ಎಡಬಲಕೆ ಮಕ್ಕಳು, ಮಡಿಲಲ್ಲಿ ಕೂಸು,*
*ಹಸಿದ ಹೊಟ್ಟೆಗೆ ಇಲ್ಲ ಒಂದು ಕಾಸು.*
*ಕಾರಿನ ಟೈರು ಮಾರಿ ತಂದೆ ತುತ್ತು ಅನ್ನ,*
*ಜಗವೇ ನೋಡು ಈ ತಾಯ್ತನದ ಬಣ್ಣ!*

ಮೇಡಂ ಕೆಳಗೆ ಒಂದೇ ಸಾಲು ಬರೆದಿದ್ದಾರೆ: "ಫೋಟೋ ಮುಚ್ಚಿಟ್ಟು ಓದಿದರೆ, ಇದು ಯಾವ ತಾಯಿ?" ಅಷ್ಟೇ. ಭಾನುವಾರದೊಳಗೆ ತಿದ್ದಿ ಕೊಡಬೇಕು. ಎರಡು ದಿನದಿಂದ ತಲೆ ಕೆಡಿಸಿಕೊಂಡು ಕೂತಿದ್ದೇನೆ.

ನಿವೃತ್ತ_ಮೇಷ್ಟ್ರು

ಚೈತ್ರಾ, ಪ್ರಾಸ ಚೆನ್ನಾಗಿ ಕೂತಿದೆ. ಆದರೆ ಇದು ಚಿತ್ರಕವಿತೆ ಹೇಗಾಯಿತಮ್ಮ? ಚಿತ್ರಕವಿತೆ ಎಂದರೆ ಅಕ್ಷರಗಳನ್ನೇ ಚಿತ್ರದಂತೆ ಜೋಡಿಸುವುದು. ಪದ್ಮಬಂಧದಲ್ಲಿ ತಾವರೆಯ ನಡುವಿನ ಒಂದೇ ಅಕ್ಷರ ಎಲ್ಲ ದಳಕ್ಕೂ ಸಲ್ಲಬೇಕು. ಗೋಮೂತ್ರಿಕೆಯಲ್ಲಿ ಎರಡು ಸಾಲನ್ನು ಓರೆಯಾಗಿ ಹಾಯ್ದು ಓದಿದರೂ ಅದೇ ಪದ್ಯ ಬರಬೇಕು. ನಿಮ್ಮ ಮೇಡಂ ವಾಪಸ್ ಕೊಟ್ಟಿದ್ದು ಅದಕ್ಕೇ ಇರಬೇಕು. ಮೊದಲು ಒಂದು ಚಿಕ್ಕ ಗೋಮೂತ್ರಿಕೆಯಿಂದ ಶುರು ಮಾಡು. ನಾನು ಬೇಕಾದರೆ ಮನೆ ಎಳೆದು ಕಳಿಸುತ್ತೇನೆ.

ಚೈತ್ರಾ_ಎಸ್

ಮೇಷ್ಟ್ರೇ, ಇದು ಆ ಚಿತ್ರಕವಿತೆ ಅಲ್ಲ. ಪದ ಒಂದೇ ಆಗಿ ಗೊಂದಲವಾಯಿತು, ಕ್ಷಮಿಸಿ. ಒಂದು ಚಿತ್ರವನ್ನು ನೋಡಿ ಬರೆದ ಕವಿತೆ, ಅಷ್ಟೇ.

ಮೀನಾಕ್ಷಿ_ಕೆ

ನಿಮ್ಮ ಮೇಡಂ ಕೇಳಿದ ಪ್ರಶ್ನೆ ಒಳ್ಳೆಯದು. ಆದರೆ ಅದನ್ನು ಇನ್ನೆರಡು ಸಾಲು ಬಿಡಿಸಿ ಬರೆದಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ.

ಒಂದು ಕೆಲಸ ಮಾಡಿ. ನಿಮ್ಮ ಆರು ಸಾಲಿನಲ್ಲಿ ಈ ಫೋಟೋದಲ್ಲಿ ಮಾತ್ರ ಇರುವುದು ಯಾವುದು, ಯಾವ ಬಡ ತಾಯಿಗಾದರೂ ಹೊಂದುವುದು ಯಾವುದು ಎಂದು ಗುರುತು ಹಾಕಿ. ನೋವಿನ ಕಡಲು, ಬೆಂಕಿಯ ಒಡಲು, ಇಲ್ಲದ ಕಾಸು, ಇವು ಬಸ್ ಸ್ಟ್ಯಾಂಡಿನಲ್ಲಿ ಕೂತ ಯಾವ ತಾಯಿಗೂ ಆಗುತ್ತವೆ. ಉಳಿದದ್ದು ಕೆನ್ನೆಯ ಕೈ, ಎಡಬಲದ ಮಕ್ಕಳು, ಮಡಿಲ ಕೂಸು. ಅದೂ ಫೋಟೋದ ಕೆಳಗೆ ಬರೆಯುವ ವಿವರದ ಹಾಗಿದೆ. ಮಕ್ಕಳು ಮುಖ ತಿರುಗಿಸಿದ್ದಾರೆ ಎಂದು ನೀವೇ ಮೇಲೆ ಗದ್ಯದಲ್ಲಿ ಬರೆದಿದ್ದೀರಿ. ಕವಿತೆಯಲ್ಲಿ ಅದು ಬಿಟ್ಟೇ ಹೋಗಿದೆ! ಇಡೀ ಫೋಟೋದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅದೇ. ನಾಲ್ಕು ಜನರಲ್ಲಿ ಎರಡು ಮುಖ ನಮಗೆ ಸಿಗುವುದಿಲ್ಲ.

ಪ್ರಾಸ ನಿಮ್ಮನ್ನು ಎಲ್ಲೆಲ್ಲಿಗೆ ಎಳೆದುಕೊಂಡು ಹೋಗಿದೆ ನೋಡಿ. 'ಬಣ್ಣ'ಕ್ಕೆ ಪ್ರಾಸ ಬೇಕೆಂದು ಕ್ಯಾಲಿಫೋರ್ನಿಯಾದ ಬಟಾಣಿ ಹೊಲದಲ್ಲಿ 'ಅನ್ನ' ಬಂತು. ಆ ಬಣ್ಣ ಬಂದಿದ್ದು ಕಪ್ಪುಬಿಳುಪು ಫೋಟೋಗೆ. ಇನ್ನು 'ಟೈರು ಮಾರಿ ತಂದೆ' ಎನ್ನುವಾಗ ನಾನು ಅಪ್ಪ ಟೈರು ಮಾರಿದ ಎಂದೇ ಓದಿಕೊಂಡೆ.

ಗೌರಿ_ಹುಬ್ಬಳ್ಳಿ

ಮೀನಾಕ್ಷಿ ಅಕ್ಕಾ, ಅಪ್ಪ ಅಂತಾನೇ ನಾನೂ ಓದಿದೆ 😄

ಚೈತ್ರಾ, ನನ್ನ ಅನುಭವ ಹೇಳುತ್ತೇನೆ, ಉಪಯೋಗ ಆದರೆ ಆಗಲಿ. ನಾನು ನಮ್ಮ ಅಜ್ಜಿಯ ಸ್ಟುಡಿಯೋ ಫೋಟೋ ಮೇಲೆ ಬರೆದಿದ್ದೆ. ಹಿಂದೆ ಪರದೆ ಮೇಲೆ ಬರೆದ ಸರೋವರ, ಎರಡು ಹಂಸ. ಅಜ್ಜಿ ಇಲಕಲ್ ಸೀರೆ ಉಟ್ಟು ಕುರ್ಚಿ ಪಕ್ಕ ನಿಂತಿದ್ದಾಳೆ, ಕೈಯಲ್ಲಿ ವಾಚು. ನಾನು ನಿಮ್ಮ ಹಾಗೇ "ಕರುಣೆಯ ಕಣ್ಣು, ತ್ಯಾಗದ ಮೂರ್ತಿ" ಅಂತ ನಾಲ್ಕು ಪುಟ ತುಂಬಿಸಿದೆ. ಒಂದೂ ನಿಲ್ಲಲಿಲ್ಲ. ಆಮೇಲೆ ಅವ್ವನನ್ನು ಕೇಳಿದೆ, ಅಜ್ಜಿಗೆ ವಾಚು ಯಾರು ಕೊಡಿಸಿದ್ದು ಅಂತ. ಅವ್ವ ನಕ್ಕಳು. ಅದು ಸ್ಟುಡಿಯೋದವನ ವಾಚಂತೆ, ಎಲ್ಲರಿಗೂ ಅದನ್ನೇ ಕಟ್ಟಿ ಫೋಟೋ ತೆಗೆಯುತ್ತಿದ್ದನಂತೆ. ಅಜ್ಜಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಕಣ್ಣು, ತ್ಯಾಗ ಎಲ್ಲ ಹೊಡೆದು ಹಾಕಿ ವಾಚಿನ ಮೇಲೆ ಹನ್ನೆರಡು ಸಾಲು ಬರೆದೆ.

ಅಂದರೆ ಫೋಟೋದಲ್ಲಿ ಒಂದು ವಾಚು ಹುಡುಕಿ. ಎಲ್ಲ ಫೋಟೋದಲ್ಲೂ ಇರುತ್ತದೆ ಅಂತ ಕಾಣುತ್ತದೆ.

ಡಾರ್ಕ್‌ರೂಮ್_ದಿನೇಶ

ಗೌರಿಯವರು ಹೇಳಿದ 'ವಾಚು' ಈ ಫೋಟೋದಲ್ಲೂ ಇದೆ. ಅದಕ್ಕೆ ಬರುತ್ತೇನೆ. ಮೊದಲು ಟೈರಿನ ವಿಷಯ.

ಟೈರು ಫೋಟೋದಲ್ಲಿಲ್ಲ. ಅದು ಬಂದಿದ್ದು ಲ್ಯಾಂಗ್ 1960ರಲ್ಲಿ, ಅಂದರೆ 24 ವರ್ಷದ ನಂತರ, ನೆನಪಿನಿಂದ ಬರೆದ ಲೇಖನದಿಂದ. ಹೊಲದಲ್ಲಿ ಚಳಿಗೆ ಕೊರಡುಗಟ್ಟಿದ ತರಕಾರಿ, ಮಕ್ಕಳು ಹೊಡೆದ ಹಕ್ಕಿ ತಿಂದು ಬದುಕಿದ್ದರು, ಆಗಷ್ಟೇ ಕಾರಿನ ಟೈರು ಮಾರಿದ್ದರು ಎಂದು ಅದರಲ್ಲಿದೆ. ತಾನು ಹೆಸರು ಕೇಳಲಿಲ್ಲ ಎಂದೂ ಅವರೇ ಬರೆದಿದ್ದಾರೆ. ವಯಸ್ಸು ಮಾತ್ರ ಗೊತ್ತಾಯಿತು, ಮೂವತ್ತೆರಡು.

ಆ ಹೆಂಗಸಿನ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಒಕ್ಲಹೋಮಾದಲ್ಲಿ ಹುಟ್ಟಿದ ಚೆರೋಕಿ ಮೂಲದವರು. ಅವರು ಯಾರು ಎಂದು ಜಗತ್ತಿಗೆ ತಿಳಿದಿದ್ದು 1978ರಲ್ಲಿ, ಒಂದು ಸ್ಥಳೀಯ ಪತ್ರಿಕೆಯ ಮೂಲಕ. ಟೈರಿನ ಕಥೆಯನ್ನು ಅವರ ಮಗ ಒಪ್ಪಲಿಲ್ಲ. ಮಾರುವುದಕ್ಕೆ ನಮ್ಮಲ್ಲಿ ಬೇರೆ ಟೈರೇ ಇರಲಿಲ್ಲ, ಇದ್ದದ್ದು ಕಾರಿಗೆ ಹಾಕಿದ್ದವು, ಅದೇ ಕಾರಲ್ಲಿ ಅಲ್ಲಿಂದ ಹೊರಟೆವು ಎಂದ. ಕುಟುಂಬ ಹೇಳುವ ಪ್ರಕಾರ ಕಾರು ಕೆಟ್ಟು ಅಲ್ಲಿ ನಿಂತಿದ್ದರು, ಗಂಡಸರು ಅದರ ರಿಪೇರಿಗೆ ಹೋಗಿದ್ದರು. ಲ್ಯಾಂಗ್ ಬೇರೆ ಯಾರದೋ ಕಥೆಯನ್ನು ಇವರಿಗೆ ಅಂಟಿಸಿರಬಹುದು. ಬೇಕೆಂದೇ ಮಾಡಿದರು ಎಂದು ನಾನು ಹೇಳುವುದಿಲ್ಲ.

ಹಾಗಾಗಿ ನಿಮ್ಮ ಐದನೇ ಸಾಲು ಫೋಟೋಗೆ ಉತ್ತರವಲ್ಲ, ಅದರ ಬಗ್ಗೆ ಹಬ್ಬಿದ ಕಥೆಗೆ ಉತ್ತರ.

ಈಗ ವಾಚು. ಫೋಟೋದ ಬಲಗಡೆ, ಕೆಳಗಿನ ಮೂಲೆ ನೋಡಿ. ಅಲ್ಲಿ ಡೇರೆಯ ಗಳು ಇದೆ. ಮೂಲದಲ್ಲಿ ಆ ಗಳು ಹಿಡಿದ ಒಂದು ಹೆಬ್ಬೆರಳು ಇತ್ತು. ಕ್ಯಾಮೆರಾಕ್ಕೆ ಹತ್ತಿರವಾಗಿ, ಮಸುಕಾಗಿ. ಅದು ಕಣ್ಣನ್ನು ಮುಖದಿಂದ ಆಚೆ ಎಳೆಯುತ್ತದೆ ಎಂದು ಲ್ಯಾಂಗ್‌ಗೆ ಅನ್ನಿಸಿತು. 1939ರಲ್ಲಿ ನೆಗೆಟಿವ್ ಮೇಲೇ ಅದನ್ನು ಅಳಿಸಿಸಿದರು. ಸರ್ಕಾರದ ಕೆಲಸಕ್ಕೆ ತೆಗೆದ ಫೋಟೋ, ಅದರ ದಾಖಲೆಯನ್ನು ತಿದ್ದಿದ್ದು ಮೇಲಧಿಕಾರಿ ರಾಯ್ ಸ್ಟ್ರೈಕರ್‌ಗೆ ಹಿಡಿಸಲಿಲ್ಲ. ಅಳಿಸಿದ್ದೂ ಪೂರ್ತಿ ಹೋಗಲಿಲ್ಲ. ದೊಡ್ಡದು ಮಾಡಿ ನೋಡಿದರೆ ಬೆರಳಿನ ನೆರಳು ಈಗಲೂ ಕಾಣುತ್ತದೆ.

ಸತ್ಯಶೋಧಕ_22

ಅಂದರೆ ಇಡೀ ಫೋಟೋನೇ ಸುಳ್ಳು ಅಂತಾಯಿತು. ಬೆರಳು ಅಳಿಸಿದ್ದಾರೆ, ಟೈರು ಸುಳ್ಳು, ಮಕ್ಕಳನ್ನು ಹಾಗೆ ತಿರುಗಿ ನಿಲ್ಲಿಸಿದ್ದಾರೆ. ಆ ಹೆಂಗಸೇ ಆಮೇಲೆ ಈ ಫೋಟೋ ತೆಗೆಯಬಾರದಿತ್ತು ಎಂದಿದ್ದಾರೆ. ಇಂಥ ನಾಟಕದ ಮೇಲೆ ಕವಿತೆ ಯಾಕೆ ಬರೆಯಬೇಕು? ಮೇಡಂಗೆ ಬೇರೆ ಫೋಟೋ ಕೇಳಿ.

ಡಾರ್ಕ್‌ರೂಮ್_ದಿನೇಶ

ನಿಮ್ಮ ಮಾತು ಅರ್ಧ ಸರಿ. ಬೆರಳು ಅಳಿಸಿದ್ದು ನಿಜ. ತನ್ನ ಫೋಟೋ ತೆಗೆಯದಿದ್ದರೆ ಚೆನ್ನಾಗಿತ್ತು, ಅದರಿಂದ ನನಗೆ ಒಂದು ಬಿಡಿಗಾಸೂ ಬರಲಿಲ್ಲ ಎಂದು ಫ್ಲಾರೆನ್ಸ್ ಹೇಳಿದ್ದೂ ನಿಜ. ಆದರೆ ಆ ವರ್ಷ ಬಟಾಣಿ ಬೆಳೆ ಹಾಳಾಗಿದ್ದು, ಕೂಲಿ ಇಲ್ಲದೆ ಜನ ಆ ಬಿಡಾರದಲ್ಲಿ ಸಿಕ್ಕಿಹಾಕಿಕೊಂಡಿದ್ದು ನಾಟಕವಲ್ಲ. ಫೋಟೋ ಪತ್ರಿಕೆಯಲ್ಲಿ ಬಂದ ಮೇಲೆ ಬಿಡಾರಕ್ಕೆ ಸರ್ಕಾರ ಆಹಾರ ಕಳಿಸಿತು. ಅಷ್ಟರಲ್ಲಿ ಈ ಕುಟುಂಬ ಅಲ್ಲಿಂದ ಹೊರಟಾಗಿತ್ತು.

ಲ್ಯಾಂಗ್ ಒಂದೇ ಫೋಟೋ ತೆಗೆದಿದ್ದಲ್ಲ. ದೂರದಿಂದ ಶುರು ಮಾಡಿ ಹತ್ತಿರ ಹತ್ತಿರ ಬಂದರು. ದೂರದ ಫೋಟೋದಲ್ಲಿ ಡೇರೆ, ಪೆಟ್ಟಿಗೆ, ಇನ್ನೊಬ್ಬ ದೊಡ್ಡ ಹುಡುಗಿ ಎಲ್ಲ ಇದ್ದಾರೆ. ಕೊನೆಯದರಲ್ಲಿ ಅವೆಲ್ಲ ಚೌಕಟ್ಟಿನಿಂದ ಆಚೆ. ಚೌಕಟ್ಟು ಹಾಕುವುದಕ್ಕೂ ಸುಳ್ಳು ಹೇಳುವುದಕ್ಕೂ ವ್ಯತ್ಯಾಸ ಇದೆ. ಎಲ್ಲಿ ಒಂದು ಇನ್ನೊಂದಾಗುತ್ತದೆ ಎಂದು ಗೆರೆ ಎಳೆಯುವುದು ಮಾತ್ರ ಕಷ್ಟ. ನಲವತ್ತು ವರ್ಷ ಮದುವೆ ಫೋಟೋ ತೆಗೆದಿದ್ದೇನೆ, ನನಗೂ ಆ ಗೆರೆ ಸಿಕ್ಕಿಲ್ಲ.

ಮೀನಾಕ್ಷಿ_ಕೆ

ದಿನೇಶ್ ಅವರೇ, ಹೆಬ್ಬೆರಳು! ಚೈತ್ರಾ, ನಿಮಗೆ ದಾರಿ ಸಿಕ್ಕಿತು ಅಲ್ವಾ?

ಬ್ರೂಗೆಲ್ ಎಂಬ ಚಿತ್ರಕಾರನ ಹೆಸರಿನಲ್ಲಿರುವ ಇಕಾರಸ್ ಚಿತ್ರ ಬ್ರಸೆಲ್ಸ್‌ನಲ್ಲಿದೆ. ಮುಂದೆ ದೊಡ್ಡದಾಗಿ ಒಬ್ಬ ರೈತ ಉಳುತ್ತಿದ್ದಾನೆ, ಆಚೆ ಒಂದು ಹಡಗು. ಗ್ರೀಕ್ ಕಥೆಯಲ್ಲಿ ರೆಕ್ಕೆಯ ಮೇಣ ಕರಗಿ ಬಿದ್ದ ಹುಡುಗ ಇಕಾರಸ್ ಎಲ್ಲಿ ಎಂದು ಹುಡುಕಬೇಕು. ಮೂಲೆಯಲ್ಲಿ ನೀರಿನ ಮೇಲೆ ಎರಡು ಕಾಲು ಕಾಣುತ್ತವೆ, ಅಷ್ಟೇ. ಆ ಚಿತ್ರದ ಮೇಲೆ ಬಂದ ಒಳ್ಳೆಯ ಕವಿತೆಗಳಿಗೆ ಬಲ ಬಂದಿದ್ದು ಆ ಎರಡು ಕಾಲಿನಿಂದ, ಅದನ್ನು ನೋಡದೆ ಉಳುತ್ತಿರುವವನಿಂದ. ನಿಮ್ಮ ಫೋಟೋದಲ್ಲಿ ಮೂಲೆಯ ಕಾಲು ಕೂಡ ಅಳಿಸಿಹೋಗಿದೆ.

ಇನ್ನೊಂದು ಮಾತು. 'ಓ ತಾಯೇ' ಎಂದು ಕರೆಯುವವರು ಯಾರು? ನೀವು. ನೀವು ಎಲ್ಲಿ ನಿಂತು ಕರೆಯುತ್ತಿದ್ದೀರಿ? ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಬರೆಯಬೇಡಿ. ಅವಳ ಬಾಯಲ್ಲಿ 'ನಾನು' ಎಂದು ಬರೆಯುವುದು ಸುಲಭದ ದಾರಿ. ಈ ಫೋಟೋ ಮಟ್ಟಿಗೆ ಅದು ಬೇಡ ಎನ್ನುತ್ತೇನೆ. ಅವಳು ಆಮೇಲೆ ತಾನೇ ಮಾತಾಡಿದ್ದಾಳೆ. ಅದೂ ನಮಗೆ ಬೇಕಾದ ಮಾತಲ್ಲ.

ಗೌರಿ_ಹುಬ್ಬಳ್ಳಿ

ಅದನ್ನು ನಾನು ಒಪ್ಪುವುದಿಲ್ಲ ಅಕ್ಕಾ. ನನ್ನ ಅಜ್ಜಿ ಕವಿತೆಯಲ್ಲಿ ಅಜ್ಜಿಯೇ ಮಾತಾಡುತ್ತಾಳೆ.

ಮೀನಾಕ್ಷಿ_ಕೆ

ಅವಳು ನಿಮ್ಮ ಅಜ್ಜಿ ಗೌರಿ. ಕೇಳಲು ನಿಮಗೆ ಅವ್ವ ಇದ್ದಳು.

ಗೌರಿ_ಹುಬ್ಬಳ್ಳಿ

ಹಾಗಾದರೆ ಅಜ್ಜಿ ಇಲ್ಲದವರು ಯಾರ ದನಿಯಲ್ಲೂ ಬರೆಯುವ ಹಾಗಿಲ್ಲವಾ? ನಾಟಕ ಬರೆಯುವವರ ಗತಿ ಏನು?

ಚೈತ್ರಾ_ಎಸ್

ಎಲ್ಲರಿಗೂ ಥ್ಯಾಂಕ್ಸ್. ತರಗತಿಯಲ್ಲಿ ಕೊಟ್ಟಿದ್ದು ಜೆರಾಕ್ಸ್ ಪ್ರತಿ. ಅದರಲ್ಲಿ ಆ ಮೂಲೆ ಬರೀ ಕಪ್ಪು. ಲೈಬ್ರರಿ ಆಫ್ ಕಾಂಗ್ರೆಸ್ ಸೈಟಿನಿಂದ ದೊಡ್ಡ ಫೈಲು ಇಳಿಸಿಕೊಂಡು ನೋಡಿದೆ. ಇದೆ! ನಿಜಕ್ಕೂ ಇದೆ. ಮಬ್ಬು ಮಬ್ಬಾಗಿ. ಒಮ್ಮೆ ಕಂಡ ಮೇಲೆ ಬೇರೆ ಏನೂ ಕಾಣುವುದಿಲ್ಲ. ರಾತ್ರಿ ಕೂತು ಬರೆದೆ. ಪ್ರಾಸ ಬಿಟ್ಟೆ, ಮೇಷ್ಟ್ರು ಬೈಯಬಾರದು.

ಹೆಬ್ಬೆರಳು
*ನಿಪೊಮೊ, ಕ್ಯಾಲಿಫೋರ್ನಿಯಾ, 1936ರ ಒಂದು ಫೋಟೋ*

*ಬಲಗಡೆ ಕೆಳಗೆ, ಡೇರೆಯ ಗಳುವಿನ ಮೇಲೆ*
*ಒಂದು ಹೆಬ್ಬೆರಳು ಇತ್ತು.*
*ಮೂರು ವರ್ಷ ಇತ್ತು.*
*ಆಮೇಲೆ ಅದನ್ನು*
*ಹಾಲಿಗೆ ಬಿದ್ದ ಕೂದಲಿನ ಹಾಗೆ ತೆಗೆದರು.*

*ಕೆನ್ನೆಯ ಹತ್ತಿರದ ಕೈ ಉಳಿಯಿತು.*
*ಅದು ಏನನ್ನೂ ಹಿಡಿದಿಲ್ಲ.*
*ಎಲ್ಲರೂ ಅದನ್ನೇ ನೋಡುತ್ತಾರೆ.*

*ಎರಡು ಮಕ್ಕಳು ನಮಗೆ ಬೆನ್ನು ಹಾಕಿ*
*ಹೆಗಲಿಗೆ ಮುಖ ಒತ್ತಿವೆ.*
*ನಾವು ಹೋಗುವವರೆಗೆ ಹಾಗೇ ಇರುತ್ತವೆ.*

*ಹೆಸರು ಕೇಳಲಿಲ್ಲ.*
*ವಯಸ್ಸು ಬರೆದುಕೊಂಡರು, ಮೂವತ್ತೆರಡು.*
*ನನಗೂ ಅಷ್ಟೇ.*

*ಗಳು ಬಿಟ್ಟರೆ ಡೇರೆ ಕುಸಿಯುತ್ತದೆ.*
*ಹಿಡಿದ ಬೆರಳಿಗೆ ಅದು ಗೊತ್ತಿತ್ತು.*
*ಅಳಿಸಿದವರಿಗೆ ಡೇರೆ ಬೇಕಿರಲಿಲ್ಲ.*

*ಈಗಲೂ ಆ ಮೂಲೆಯಲ್ಲಿ*
*ಒಂದು ಮಸುಕು.*
*ಹಿಡಿದೇ ಇದೆ.*

ಮೀನಾಕ್ಷಿ_ಕೆ

'ನನಗೂ ಅಷ್ಟೇ' ಎಂಬಲ್ಲಿ ನಾನು ಒಂದು ಕ್ಷಣ ನಿಂತೆ. ನೀವು ಎಲ್ಲಿ ನಿಂತಿದ್ದೀರಿ ಎನ್ನುವುದಕ್ಕೆ ಉತ್ತರ ಎರಡೇ ಪದದಲ್ಲಿ ಬಂತು. ಮಕ್ಕಳ ಸಾಲುಗಳೂ ಹಾಗೆಯೇ. 'ನಾವು ಹೋಗುವವರೆಗೆ' ಎಂದಾಗ ನೋಡುವವರೆಲ್ಲ ಒಳಗೆ ಬಂದುಬಿಟ್ಟರು. ನೋವು, ಹಸಿವು, ತಾಯಿ, ಯಾವ ಪದವೂ ಇಲ್ಲ. ಫೋಟೋ ಮುಚ್ಚಿಟ್ಟು ಓದಿದೆ. ನಿಂತಿತು.

'ಹಾಲಿಗೆ ಬಿದ್ದ ಕೂದಲು' ಮಾತ್ರ ಇನ್ನೊಮ್ಮೆ ನೋಡಿ. ಚೆನ್ನಾಗಿದೆ, ಆದರೆ ತನ್ನನ್ನೇ ತೋರಿಸಿಕೊಳ್ಳುತ್ತದೆ. ಬರೀ 'ಆಮೇಲೆ ಅದನ್ನು ತೆಗೆದರು' ಎಂದರೆ ಹೇಗಿರುತ್ತದೆ?

ನಿವೃತ್ತ_ಮೇಷ್ಟ್ರು

ಬೈಯುವುದಿಲ್ಲ. ಹಾಲಿನ ಕೂದಲು ಇರಲಿ. ಒಂದು ಉಪಮೆಯೂ ಇಲ್ಲದಿದ್ದರೆ ಪೊಲೀಸ್ ಮಹಜರು ಆಗುತ್ತದೆ.

ಡಾರ್ಕ್‌ರೂಮ್_ದಿನೇಶ

ಕವಿತೆ ನನಗೆ ಹಿಡಿಸಿತು. ಆದರೂ ಒಂದು ಹುಳುಕು ತೆಗೆಯುತ್ತೇನೆ. 'ಗಳು ಬಿಟ್ಟರೆ ಡೇರೆ ಕುಸಿಯುತ್ತದೆ.' ಇದು ನಿಮಗೆ ಹೇಗೆ ಗೊತ್ತು? ಗಳು ನೆಲಕ್ಕೆ ಹುಗಿದಿರಬಹುದು. ಸುಮ್ನೆ ಆಸರೆಗೆ ಕೈ ಇಟ್ಟಿರಬಹುದು. ಬೆರಳು ಅವರದೇ ಎಡಗೈಯದು ಎಂದು ಸಾಮಾನ್ಯವಾಗಿ ಹೇಳುತ್ತಾರೆ, ನೋಡಿದರೆ ಹಾಗೇ ಅನ್ನಿಸುತ್ತದೆ. ಆದರೆ ಡೇರೆಯನ್ನು ಅವರೇ ಎತ್ತಿ ಹಿಡಿದಿದ್ದರು ಎಂದು ಫೋಟೋ ಹೇಳುವುದಿಲ್ಲ. ಲ್ಯಾಂಗ್ ಟೈರು ಮಾರಿಸಿದರು, ನೀವು ಡೇರೆ ಹೊರಿಸಿದ್ದೀರಿ.

ಸತ್ಯಶೋಧಕ_22

ಅದನ್ನೇ ನಾನು ಮೊದಲು ಹೇಳಿದ್ದು.

ಮೀನಾಕ್ಷಿ_ಕೆ

ಎರಡೂ ಒಂದೇ ಅಲ್ಲ ದಿನೇಶ್ ಅವರೇ. ಟೈರು ನಡೆದ ಸಂಗತಿ ಎಂದು ಪತ್ರಿಕೆಯಲ್ಲಿ ಬಂತು. ಇದು ಕವಿತೆ, ಓದುವವರಿಗೆ ಕವಿತೆ ಎಂದು ಗೊತ್ತು.

ಡಾರ್ಕ್‌ರೂಮ್_ದಿನೇಶ

ಗೊತ್ತಿರುತ್ತದಾ? ಊರು, ಇಸವಿ ಶೀರ್ಷಿಕೆಯ ಕೆಳಗೆ ಹಾಕಿದ್ದಾರೆ. ಅದನ್ನು ಹಾಕಿದ ಮೇಲೆ ಓದುವವರು ಉಳಿದದ್ದನ್ನೂ ದಾಖಲೆ ಎಂದೇ ನಂಬುತ್ತಾರೆ. ಆ ಸಾಲು ತೆಗೆಯಲಿ, ಇಲ್ಲ ಡೇರೆ ತೆಗೆಯಲಿ.

ಗೌರಿ_ಹುಬ್ಬಳ್ಳಿ

ಡೇರೆ ತೆಗೆದರೆ ಕವಿತೆಯ ಜೀವವೇ ಹೋಯಿತು! 'ಅಳಿಸಿದವರಿಗೆ ಡೇರೆ ಬೇಕಿರಲಿಲ್ಲ' ಅನ್ನುವ ಸಾಲಿಗಾಗಿಯೇ ನಾನು ಮೂರು ಸಲ ಓದಿದೆ.

ಚೈತ್ರಾ_ಎಸ್

ದಿನೇಶ್ ಸರ್ ಹೇಳಿದ್ದು ಬೆಳಿಗ್ಗೆಯಿಂದ ಚುಚ್ಚುತ್ತಿದೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಹೊಳೆಯಿತು. ನಾನು ಕೈ ಬಿಟ್ಟರೆ ಬಸ್ಸೇನೂ ಬೀಳುವುದಿಲ್ಲ, ನಾನು ಬೀಳುತ್ತೇನೆ. ಆ ಭಾಗ ಹೀಗೆ ಮಾಡಿದ್ದೇನೆ:

*ಬೆರಳು ಗಳುವನ್ನು ಹಿಡಿದಿತ್ತೋ*
*ಗಳು ಬೆರಳನ್ನೋ, ಕಾಣುವುದಿಲ್ಲ.*
*ಅಳಿಸಿದವರಿಗೆ ಡೇರೆ ಬೇಕಿರಲಿಲ್ಲ.*

ಊರು, ಇಸವಿ ಇಟ್ಟಿದ್ದೇನೆ. ಕೂದಲೂ ಇಟ್ಟಿದ್ದೇನೆ, ಮೀನಾಕ್ಷಿ ಮೇಡಂ ಕ್ಷಮಿಸಿ.

ಡಾರ್ಕ್‌ರೂಮ್_ದಿನೇಶ

ಇದಕ್ಕೆ ನನ್ನ ತಕರಾರಿಲ್ಲ.

ಗೌರಿ_ಹುಬ್ಬಳ್ಳಿ

ನನಗೆ ಮೊದಲಿನದೇ ಚೆನ್ನಾಗಿತ್ತು. 'ಕುಸಿಯುತ್ತದೆ' ಅಂದಾಗ ಒಂದು ಭಯ ಇತ್ತು. ಈಗ ಸ್ವಲ್ಪ ಜಾಣತನ ಜಾಸ್ತಿಯಾಯಿತು.

ಮೀನಾಕ್ಷಿ_ಕೆ

ಈ ಸಲ ಗೌರಿ ಪಕ್ಷ ನನ್ನದು. 'ಕಾಣುವುದಿಲ್ಲ' ಸಾಕು, ಆ ಅದಲುಬದಲು ಆಟ ಬೇಡ. 'ಬೆರಳು ಏನನ್ನು ತಡೆದಿತ್ತೋ ಕಾಣುವುದಿಲ್ಲ' ಎಂದು ಬರೆದು ನೋಡಿ.

ಚೈತ್ರಾ_ಎಸ್

ಎರಡನ್ನೂ ಪಕ್ಕಪಕ್ಕ ಬರೆದು ಗೋಡೆಗೆ ಅಂಟಿಸಿದ್ದೇನೆ. ಭಾನುವಾರ ಬೆಳಿಗ್ಗೆ ಎದ್ದು ಯಾವುದು ಹಿಡಿಸುತ್ತದೋ ಅದನ್ನು ಕೊಡುತ್ತೇನೆ.

ನಿವೃತ್ತ_ಮೇಷ್ಟ್ರು

ಚೈತ್ರಾ, ಆ ದೊಡ್ಡ ಫೈಲಿನ ಕೊಂಡಿ ನನಗೂ ಕಳಿಸಮ್ಮ. ಮೊಬೈಲಿನಲ್ಲಿ ಎಷ್ಟು ಹಿಗ್ಗಿಸಿದರೂ ನನಗೆ ಬೆರಳು ಕಾಣುತ್ತಿಲ್ಲ.